ಮೈನಸ್ಸಿಗೆ ಇಳಿದ ಸೆಪ್ಟೆಂಬರ್: ಬ್ಯಾಂಕ್ ಟಾರ್ಗೆಟ್‌ನಲ್ಲಿ ಸಿಕ್ಕಿಕೊಂಡ ಒಬ್ಬ ಹುಡುಗನ ಪ್ರಕರಣ

ಇದು ದಾವಣಗೆರೆ ಕಡೆಯ ಒಂದು ಖಾಸಗಿ ಬ್ಯಾಂಕ್ ಬ್ರಾಂಚಲ್ಲಿ ಸೇಲ್ಸ್ ಆಫೀಸರ್ ಆಗಿದ್ದ ಒಬ್ಬನ ಕಥೆ. ಬ್ಯಾಂಕಿನ ಹೆಸರು ಬೇಡ, ಅವನ ಹೆಸರೂ ಬೇಡ, ಹುಡುಗ ಅಂತಲೇ ಕರೀತೀನಿ. ವಯಸ್ಸು ಮೂವತ್ತರ ಒಳಗೆ, ಬಿಕಾಂ ಆಗಿದೆ, ಮದುವೆ ಆಗಿದೆ, ಕೈಗೆ ಬರೋ ಸಂಬಳ 27 ಸಾವಿರ. ನಾನೂ ಹಿಂದೆ ಇದೇ ಥರ ಬ್ರಾಂಚಲ್ಲಿ ಕೆಲಸ ಮಾಡಿ ಹೊರಗೆ ಬಂದವನು, ಅವನ ಮನೆಯವರು ಪರಿಚಯ, ಹಾಗಾಗಿ ಅವನ ಡೈರಿ, ಎಕ್ಸೆಲ್ ಶೀಟು, ಮೇಲ್ ಎಲ್ಲಾ ಮುಂದಿಟ್ಕೊಂಡು ಕೂತು ನೋಡೋ ಅವಕಾಶ ಸಿಕ್ತು. ಬರೀತೀನಿ ಅಂತ ಹೇಳಿ ಅವನನ್ನ ಕೇಳಿಯೇ ಬರೀತಿದೀನಿ, ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿದ್ದೇನೆ.

ಅವನ ತಲೆ ಮೇಲೆ ಇದ್ದ ಟಾರ್ಗೆಟ್ ಒಂದಲ್ಲ. ಸೇವಿಂಗ್ಸ್ ಅಕೌಂಟು, ಕರೆಂಟ್ ಅಕೌಂಟು, ಎಫ್‌ಡಿ, ಕ್ರೆಡಿಟ್ ಕಾರ್ಡು, ಗೋಲ್ಡ್ ಲೋನು, ಲೈಫ್ ಇನ್ಶೂರೆನ್ಸು. ಇದರಲ್ಲಿ ಜೀವ ಹಿಂಡಿದ್ದು ಇನ್ಶೂರೆನ್ಸ್. ಯಾಕಂದ್ರೆ ಅಕೌಂಟ್ ಮಾಡಿಸಿದ್ರೆ ಬ್ಯಾಂಕಿಗೆ ಲಾಭ ಬರೋದು ನಿಧಾನಕ್ಕೆ, ಇನ್ಶೂರೆನ್ಸ್ ಪಾಲಿಸಿ ಹೋದ ದಿನವೇ ಕಮಿಷನ್ ಆದಾಯ ಲೆಕ್ಕಕ್ಕೆ ಬರುತ್ತೆ, ಅದಕ್ಕೇ ಮೇಲಿನಿಂದ ಫೋನ್ ಬರೋದೂ ಅದರ ಬಗ್ಗೆಯೇ ಜಾಸ್ತಿ. ಆದ್ದರಿಂದ ಇಲ್ಲಿ ಅದೊಂದನ್ನೇ ಹಿಡಿದು ಹೇಳ್ತೀನಿ.

ಮೊದಲು ಟಾರ್ಗೆಟ್ ಹೆಂಗೆ ಬೆಳೀತು ಅನ್ನೋದು ನೋಡಿ. 2024-25ರಲ್ಲಿ ಅವನಿಗೆ ತಿಂಗಳಿಗೆ 2 ಲಕ್ಷ ಪ್ರೀಮಿಯಂ ಟಾರ್ಗೆಟ್ ಇತ್ತು, ಒಂದು ತಿಂಗಳು ಹತ್ತಿರ ಬರ್ತಿತ್ತು, ಒಂದು ತಿಂಗಳು ದಾಟ್ತಿತ್ತು. ಜನವರಿಯಲ್ಲಿ 2.6 ಲಕ್ಷ, ಫೆಬ್ರವರಿಯಲ್ಲಿ 2.4 ಮಾಡಿದ. ಮಾರ್ಚಲ್ಲಿ ಚನ್ನಗಿರಿ ಕಡೆಯ ಅಡಿಕೆ ವ್ಯಾಪಾರಿ ಒಬ್ಬರು ಒಂದೇ ಸಲಕ್ಕೆ 3 ಲಕ್ಷದ ಪಾಲಿಸಿ ತಗೊಂಡ್ರು, ಜೊತೆಗೆ ಟ್ಯಾಕ್ಸ್ ಉಳಿಸೋಕೆ ಬಂದ ಒಂದಿಷ್ಟು ಮೇಷ್ಟ್ರುಗಳು, ಸರ್ಕಾರಿ ನೌಕರರು, ಎಲ್ಲಾ ಸೇರಿ 5.5 ಲಕ್ಷ ಆಯ್ತು. ಸುತ್ತಲಿನ ಬ್ರಾಂಚುಗಳೆಲ್ಲಾ ಸೇರಿದ ಕ್ಲಸ್ಟರಿನ ವಾಟ್ಸಾಪ್ ಗ್ರೂಪಲ್ಲಿ ಅವನ ಫೋಟೋ ಹಾಕಿ ಸ್ಟಾರ್ ಪರ್ಫಾರ್ಮರ್ ಅಂದ್ರು, ಅವನ ಅಪ್ಪ ಆ ಫೋಟೋವನ್ನ ನೆಂಟರಿಗೆಲ್ಲಾ ಫಾರ್ವರ್ಡ್ ಮಾಡಿದ್ರು.

ಏಪ್ರಿಲ್‌ಗೆ ಹೊಸ ಟಾರ್ಗೆಟ್ ಬಂತು. ಕೊನೆಯ ಮೂರು ತಿಂಗಳ ಸರಾಸರಿ ತೆಗೆದ್ರು, 3.5 ಲಕ್ಷ, ಅದರ ಮೇಲೆ ಶೇಕಡಾ 20 ಗ್ರೋತ್ ಹಾಕಿದ್ರು, 4.2 ಲಕ್ಷ. ಅಂದ್ರೆ ವರ್ಷದಲ್ಲೇ ಜಾಸ್ತಿ ವ್ಯಾಪಾರ ಆಗೋ ಮೂರು ತಿಂಗಳು, ಅದರಲ್ಲೂ ಮತ್ತೆ ಬರದೇ ಇರೋ ಒಬ್ಬ ಅಡಿಕೆ ವ್ಯಾಪಾರಿಯ 3 ಲಕ್ಷ, ಇವೆರಡೂ ಸೇರಿ ಹುಟ್ಟಿದ ಅಂಕಿ ಇಡೀ ವರ್ಷದ ತಳಪಾಯ ಆಗೋಯ್ತು. ಇನ್ನೂ ಒಂದು ವಿಷ್ಯ ಅದೇ ಹೊತ್ತಿಗೆ ಆಗಿತ್ತು. 2025ರ ಫೆಬ್ರವರಿ ಬಜೆಟಲ್ಲಿ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗೆ ಆದಾಯ ತೆರಿಗೆ ಇಲ್ಲ ಅಂತ ಘೋಷಣೆ ಆಯ್ತಲ್ಲ, ಆಮೇಲೆ ಆ ಮೇಷ್ಟ್ರುಗಳಿಗೆ 80ಸಿ ಅಡಿ ಟ್ಯಾಕ್ಸ್ ಉಳಿಸೋಕೆ ಪಾಲಿಸಿ ಮಾಡಿಸೋ ಅಗತ್ಯವೇ ಹೋಯ್ತು. ಅವನು ಫೋನ್ ಮಾಡಿದಾಗ ಅವರೇ ಹೇಳ್ತಿದ್ರಂತೆ, ಈ ಸಲ ಹೊಸ ರೆಜೀಮ್ ಕಣಪ್ಪ, ಬೇಡ ಅಂತ. ಟಾರ್ಗೆಟ್ ಹಾಕಿದ ಶೀಟಿಗೆ ಇದ್ಯಾವುದೂ ಗೊತ್ತಿಲ್ಲ, ಅದಕ್ಕೆ ಗೊತ್ತಿರೋದು 3.5 ಇಂಟು 1.2 ಅಷ್ಟೇ.

ಏಪ್ರಿಲಲ್ಲಿ ಅವನು ಮಾಡಿದ್ದು 1.4 ಲಕ್ಷ, ಶೇಕಡಾ 33. ಇನ್ನು ಮುಂದೆ ಬರೋ ಲೆಕ್ಕ ದಯವಿಟ್ಟು ನಿಧಾನಕ್ಕೆ ಓದಿ, ಪ್ರಕರಣದ ತಿರುಳು ಇಲ್ಲೇ ಇರೋದು. ಏಪ್ರಿಲಲ್ಲಿ ಕಮ್ಮಿ ಬಿದ್ದ 2.8 ಲಕ್ಷವನ್ನ ಮೇ ತಿಂಗಳ 4.2ಕ್ಕೆ ಸೇರಿಸಿದ್ರು, ರಿಕ್ವೈರ್ಡ್ ಅನ್ನೋ ಕಾಲಮ್ಮಲ್ಲಿ 7 ಲಕ್ಷ ಅಂತ ಬಂತು. ಮೇಯಲ್ಲಿ ಅವನು 1.7 ಮಾಡಿದ, ಏಪ್ರಿಲಿಗಿಂತ ಜಾಸ್ತಿ, ಆದ್ರೆ ಶೀಟಲ್ಲಿ ಕಂಡಿದ್ದು ಶೇಕಡಾ 24. ಜೂನಿಗೆ ರಿಕ್ವೈರ್ಡ್ 9.5, ಮಾಡಿದ್ದು 1.5, ಶೇಕಡಾ 16. ಜುಲೈಗೆ 12.2, ಮಾಡಿದ್ದು 1.6, ಶೇಕಡಾ 13. ನಾಲ್ಕು ತಿಂಗಳೂ ಅವನ ಕೆಲಸ ಹೆಚ್ಚೂಕಮ್ಮಿ ಒಂದೇ ಮಟ್ಟದಲ್ಲಿದೆ. ತಿಂಗಳ ಟಾರ್ಗೆಟ್ ಒಂದನ್ನೇ ಇಟ್ಕೊಂಡು ನೋಡಿದ್ರೆ 33, 40, 36, 38, ಟಾರ್ಗೆಟ್ ಮುಟ್ಟಿಲ್ಲ ನಿಜ, ಆದ್ರೆ ಬಿದ್ದೂ ಇಲ್ಲ. ಹಳೇ ಬಾಕಿ ಸೇರಿಸಿದ ಶೀಟಲ್ಲಿ ಮಾತ್ರ 33, 24, 16, 13, ಒಬ್ಬ ಮನುಷ್ಯ ತಿಂಗಳಿಂದ ತಿಂಗಳಿಗೆ ಕೆಲಸ ಬಿಡ್ತಾ ಬಂದಿದ್ದಾನೆ ಅನ್ನೋ ಚಿತ್ರ. ಗ್ರೂಪಲ್ಲಿ ದಿನಾ ಸಂಜೆ ಬೀಳ್ತಿದ್ದಿದ್ದು ಈ ಎರಡನೇ ಚಿತ್ರ, ಕೆಂಪು ಬಣ್ಣದಲ್ಲಿ, ರ‍್ಯಾಂಕ್ ಸಮೇತ. ನಾನು ಮೊದಲನೇ ಸಲ ಕೇಳಿದಾಗ ಅವನೇ ಹೇಳಿದ, ಅಣ್ಣ ನಾನು ಏಪ್ರಿಲಿಂದ ಡೌನ್ ಆಗ್ತಾನೇ ಇದೀನಿ, ಏನೋ ಹಾಳಾಗೋಗಿದೆ ನನ್ನೊಳಗೆ ಅಂತ. ಅವನು ಡೌನ್ ಆಗಿರ್ಲಿಲ್ಲ.

ಈ ಟಾರ್ಗೆಟ್ ಸಾಧ್ಯಾನೇ ಇತ್ತಾ ಅಂತ ಅವನ ಡೈರಿ ಹಿಡಿದು ಲೆಕ್ಕ ಹಾಕಿದ್ವಿ. ತಿಂಗಳಿಗೆ ಸುಮಾರು 24 ಕೆಲಸದ ದಿನ. ಕೌಂಟರಲ್ಲಿ ಕಸ್ಟಮರ್ ನೋಡ್ಕೊಂಡು, ಬೇರೆ ಟಾರ್ಗೆಟ್‌ಗಳಿಗೂ ಓಡಾಡಿ, ಇನ್ಶೂರೆನ್ಸ್‌ಗೆ ಅಂತ ಸರಿಯಾಗಿ ಮಾತಾಡಿ ಮುಗಿಸೋ ಕಾಲ್ ದಿನಕ್ಕೆ 12, ತಿಂಗಳಿಗೆ 290ರ ಆಸುಪಾಸು. ಹನ್ನೆರಡು ಕಾಲಿಗೆ ಒಬ್ಬರು ಭೇಟಿಗೆ ಒಪ್ತಾರೆ, ಅಂದ್ರೆ 24 ಭೇಟಿ. ಎಂಟು ಭೇಟಿಗೆ ಒಂದು ಪಾಲಿಸಿ, ಅಂದ್ರೆ 3. ಒಂದು ಪಾಲಿಸಿ ಸರಾಸರಿ 40 ಸಾವಿರ, ಒಟ್ಟು 1.2 ಲಕ್ಷ. ಇದು ಅವನ ಕೈಯಲ್ಲಿ ನಿಜವಾಗಿ ಆಗ್ತಿದ್ದ ಕೆಲಸಕ್ಕೆ ಚೆನ್ನಾಗಿ ಹೊಂದುತ್ತೆ. 4.2 ಲಕ್ಷ ಆಗ್ಬೇಕಂದ್ರೆ ದಿನಕ್ಕೆ 42 ಕಾಲ್ ಬೇಕು, ಬೇರೆ ಎಲ್ಲಾ ಕೆಲಸ ಬಿಟ್ರೆ ಏನೋ ಆಗ್ಬಹುದು. ಆಗಸ್ಟಿಗೆ ರಿಕ್ವೈರ್ಡ್ 14.8 ಲಕ್ಷ ಅಂತ ಬಂದಿತ್ತು, ಅದಕ್ಕೆ 37 ಪಾಲಿಸಿ, ಸುಮಾರು 300 ಭೇಟಿ, ದಿನಕ್ಕೆ 12 ಮನೆ. ಇಷ್ಟು ಸರಳ ಲೆಕ್ಕವನ್ನ ಬ್ರಾಂಚಲ್ಲಾಗ್ಲಿ ಕ್ಲಸ್ಟರಲ್ಲಾಗ್ಲಿ ಯಾರೂ ಅವನ ಜೊತೆ ಕೂತು ಹಾಕಿರ್ಲಿಲ್ಲ.

ಹಾಗಾದ್ರೆ ಆಗಲ್ಲ ಅಂತ ಗೊತ್ತಿದ್ದೂ ಅವನಿಗೆ ನಾಚಿಕೆ ಯಾಕೆ? ಆಗದ ಕೆಲಸ ಆಗ್ಲಿಲ್ಲ ಅಂದ್ರೆ ಬೇಜಾರಾಗ್ಬೇಕು, ಸಿಟ್ಟು ಬರ್ಬೇಕು, ಮುಖ ತೋರಿಸೋಕಾಗದಷ್ಟು ಅವಮಾನ ಎಲ್ಲಿಂದ ಬರುತ್ತೆ? ನನಗೆ ಇದಕ್ಕೆ ಉತ್ತರ ಸಿಕ್ಕಿದ್ದು ಅವರ ದಿನಚರಿಯಲ್ಲಿ. ಬೆಳಿಗ್ಗೆ 9:15ಕ್ಕೆ ಬ್ರಾಂಚಲ್ಲಿ ಹಡಲ್, ಎಲ್ಲರೂ ನಿಂತ್ಕೊಂಡು ಇವತ್ತಿನ ಕಮಿಟ್‌ಮೆಂಟ್ ಹೇಳ್ಬೇಕು. ಮಧ್ಯಾಹ್ನ ಗ್ರೂಪಲ್ಲಿ ಅಪ್ಡೇಟ್. ಸಂಜೆ 6:30ಕ್ಕೆ ಕ್ಲಸ್ಟರ್ ಹೆಡ್ ಕಾನ್‌ಕಾಲ್, ಅದರಲ್ಲಿ ಎಲ್ಲಾ ಬ್ರಾಂಚಿನವರೂ ಇರ್ತಾರೆ. ಬೆಳಿಗ್ಗೆ ಅವನು ನಿಜ ಹೇಳಿದ್ರೆ, ಇವತ್ತು ಯಾವುದೂ ಕ್ಲೋಸ್ ಆಗೋ ಹಂಗಿಲ್ಲ ಅಂದ್ರೆ, ಝೀರೋ ಹೇಳೋಕೆ ನಾಚಿಕೆ ಆಗಲ್ವಾ ಅಂತಾರೆ, ನಂಬರ್ ಹೇಳೋವರೆಗೂ ಬಿಡಲ್ಲ. ಸರಿ ಒಂದು ಐವತ್ತು ಸಾವಿರ ಅಂತಾನೆ, ಆಗಲ್ಲ ಅಂತ ಗೊತ್ತಿದ್ದೇ ಅಂತಾನೆ. ಸಂಜೆ ಅದೇ ನಂಬರ್ ಇಟ್ಕೊಂಡು, ಇದು ನಾನ್ ಹಾಕಿದ್ದಲ್ಲಪ್ಪ, ನಿನ್ ಬಾಯಲ್ಲೇ ಬಂದಿದ್ದು, ಏನಾಯ್ತು ನಿನ್ ಮಾತಿಗೆ ಅಂತ ಐವತ್ತು ಜನರ ಮುಂದೆ ಕೇಳ್ತಾರೆ.

ಅಂದ್ರೆ ದಿನಾ ಬೆಳಿಗ್ಗೆ ಅವನ ಬಾಯಿಂದ ಒಂದು ಸುಳ್ಳು ಮಾತು ಕೊಡಿಸಿ ದಿನಾ ಸಂಜೆ ಮಾತಿಗೆ ತಪ್ಪಿದವನು ಅಂತ ಮಾಡ್ತಿದ್ರು. ನಮ್ಮ ಕಡೆ ಮನೆಗಳಲ್ಲಿ ಕೊಟ್ಟ ಮಾತಿಗೆ ತಪ್ಪೋದು ಅಂದ್ರೆ ಏನು ಅಂತ ಎಲ್ಲರಿಗೂ ಗೊತ್ತು, ಚಿಕ್ಕಂದಿನಿಂದ ಅದೇ ಹೇಳಿ ಬೆಳೆಸಿರ್ತಾರೆ. ಟಾರ್ಗೆಟ್ ಮೇಲಿನವರು ಹಾಕಿದ್ದು, ಮುಟ್ಟದಿದ್ರೆ ಬೈಸ್ಕೋಬಹುದು. ಕಮಿಟ್‌ಮೆಂಟ್ ಮಾತ್ರ ಅವನದೇ ಅಂತ ಆಗಿಬಿಡುತ್ತೆ, ಅದು ಹೋದ್ರೆ ಹೋಗೋದು ಅವನ ಮಾನ. ಈ ಪ್ರಕರಣದಲ್ಲಿ ಹುಡುಗನ್ನ ಒಳಗಿಂದ ತಿಂದಿದ್ದು 14.8 ಲಕ್ಷ ಅಲ್ಲ, ದಿನಾ ಹೇಳಿ ದಿನಾ ತಪ್ಪಿದ ಈ ಐವತ್ತು ಸಾವಿರ ಅಂತ ನಾನು ಖಂಡಿತ ಹೇಳ್ತೀನಿ. 2023ರ ಜೂನಲ್ಲಿ ಒಂದು ಖಾಸಗಿ ಬ್ಯಾಂಕಿನ ಆನ್‌ಲೈನ್ ಮೀಟಿಂಗ್ ವಿಡಿಯೋ ವೈರಲ್ ಆಗಿತ್ತು, ಕೋಲ್ಕತ್ತಾದ ಮ್ಯಾನೇಜರ್ ಒಬ್ಬರು ಟಾರ್ಗೆಟ್ ಬಗ್ಗೆ ಸ್ಟಾಫ್ ಮೇಲೆ ಕೂಗಾಡಿದ್ದು, ಬ್ಯಾಂಕು ಅವರನ್ನ ಸಸ್ಪೆಂಡ್ ಮಾಡ್ತು. ಜನ ಕೂಗಾಟ ನೋಡಿ ಬೆಚ್ಚಿದ್ರು. ಇವನ ಕ್ಲಸ್ಟರ್ ಹೆಡ್ ಹಾಗೆ ಕೂಗ್ತಾನೂ ಇರ್ಲಿಲ್ಲ, ಮೆತ್ತಗೇ ಕೇಳ್ತಿದ್ರಂತೆ, ಕೆಲಸ ಮಾತ್ರ ಅದೇ ಆಗ್ತಿತ್ತು.

ನಾಚಿಕೆ ಒಳಗೆ ಕೂತ ಮೇಲೆ ಏನೇನು ಮಾಡಿಸ್ತು ನೋಡಿ. ಜೂನ್ 30ಕ್ಕೆ ಹೆಂಡತಿ ಹೆಸರಲ್ಲಿ 40 ಸಾವಿರದ ಪಾಲಿಸಿ ಹಾಕಿದ, ಜುಲೈ 31ಕ್ಕೆ ತನ್ನ ಹೆಸರಲ್ಲಿ 50 ಸಾವಿರದ್ದು. ಎರಡೂ ಕ್ರೆಡಿಟ್ ಕಾರ್ಡಲ್ಲಿ ಕಟ್ಟಿ ಇಎಂಐ ಮಾಡಿಸಿದ. ಮೇಲೆ ಹೇಳಿದ ಜೂನಿನ 1.5, ಜುಲೈನ 1.6ರೊಳಗೆ ಇವೂ ಸೇರಿವೆ, ತೆಗೆದ್ರೆ ಎರಡು ತಿಂಗಳೂ 1.1 ಲಕ್ಷವೇ ನಿಜವಾದ ವ್ಯಾಪಾರ. ತಿಂಗಳಿಗೆ 27 ಸಾವಿರ ದುಡಿಯೋನು ವರ್ಷಕ್ಕೆ 90 ಸಾವಿರ ಪ್ರೀಮಿಯಂ ಕಟ್ಟೋ ಹಂಗೆ ಆಯ್ತು. ಬ್ರಾಂಚಲ್ಲಿ ಇದು ಎಲ್ಲರಿಗೂ ಗೊತ್ತು, ಎಲ್ಲರೂ ಸ್ವಲ್ಪ ಸ್ವಲ್ಪ ಮಾಡಿರೋರೇ. ಪತ್ತೆ ಹಚ್ಚೋದೂ ಕಷ್ಟ ಅಲ್ಲ, ತಿಂಗಳ ಕೊನೇ ಎರಡು ದಿನ ಲಾಗಿನ್ ಆದ ಪಾಲಿಸಿಗಳಲ್ಲಿ ಸ್ಟಾಫಿನ ಮನೆಯವರ ಹೆಸರು ಎಷ್ಟಿವೆ ಅಂತ ನೋಡಿದ್ರೆ ಸಾಕು. ಯಾರೂ ನೋಡಲ್ಲ, ಯಾಕಂದ್ರೆ ಅದೂ ನಂಬರ್ರೇ.

ಮನೇಲಿ ಬೇರೆ ಥರ. ರಾತ್ರಿ ಒಂಬತ್ತೂವರೆ ಹತ್ತಕ್ಕೆ ಬರೋನು, ಬ್ರಾಂಚ್ ಏಳೂವರೆಗೇ ಮುಗಿದಿರ್ತಿತ್ತು, ಅಪ್ಪ ಮಲಗಲಿ ಅಂತ ಎಲ್ಲೋ ಬೈಕ್ ನಿಲ್ಲಿಸ್ಕೊಂಡು ಕೂತಿರ್ತಿದ್ದ. ಭಾನುವಾರ ಮಧ್ಯಾಹ್ನದಿಂದ ಹೊಟ್ಟೆ ಕೆಡೋದು. ಗ್ರೂಪ್ ಮ್ಯೂಟ್ ಮಾಡಿ ಆಮೇಲೆ ಹೆದರಿಕೆಗೆ ಐದು ನಿಮಿಷಕ್ಕೊಂದ್ಸಲ ತೆಗೆದು ನೋಡೋದು. ಮದುವೆ, ಗೃಹಪ್ರವೇಶಗಳಿಗೆ ಹೋಗೋದು ಬಿಟ್ಟ, ಅಲ್ಲಿ ಸಿಕ್ಕೋ ನೆಂಟರಿಗೆಲ್ಲಾ ಹಿಂದೆ ಪಾಲಿಸಿ ಕೇಳಿದ್ದ, ಅವರು ಇವನ್ನ ಕಂಡ ತಕ್ಷಣ ಮಾತು ಬದಲಾಯಿಸ್ತಿದ್ರು.

ಆಗಸ್ಟಲ್ಲಿ ದೊಡ್ಡದು ಆಯ್ತು. ರಿಟೈರ್ಡ್ ಟೀಚರ್ ಒಬ್ಬರ 3 ಲಕ್ಷದ ಎಫ್‌ಡಿ ಮೆಚ್ಯೂರ್ ಆಗಿತ್ತು, ರಿನ್ಯೂ ಮಾಡಿಸೋಕೆ ಬಂದಿದ್ರು. ಎಫ್‌ಡಿಗಿಂತ ಒಳ್ಳೇದಿದೆ ಅಮ್ಮ, ಐದು ವರ್ಷ ಕಟ್ಟಿದ್ರೆ ಸಾಕು ಅಂತ ಹೇಳಿ ಪಾಲಿಸಿಗೆ ಹಾಕಿಸಿದ. ವರ್ಷಾ ವರ್ಷಾ 3 ಲಕ್ಷ ಕಟ್ಟಬೇಕು ಅನ್ನೋದನ್ನ ಹೇಳಿದ್ದು ಮಾತ್ರ ಬೇಗ ಬೇಗ, ಅವರಿಗೆ ತಿಳೀದ ಹಾಗೆ. ಪೆನ್ಷನ್ನಲ್ಲಿ ಬದುಕೋ ಹೆಂಗಸು ಮುಂದಿನ ವರ್ಷ 3 ಲಕ್ಷ ಎಲ್ಲಿಂದ ತರ್ತಾರೆ ಅಂತ ಅವನಿಗೆ ಆವತ್ತೇ ಗೊತ್ತಿತ್ತು. ಆ ತಿಂಗಳು ಇದೂ ಸೇರಿ 4.5 ಲಕ್ಷ, ಶೇಕಡಾ 30, ಗ್ರೂಪಲ್ಲಿ ಚಪ್ಪಾಳೆ. ಸೆಪ್ಟೆಂಬರಲ್ಲಿ ಪಾಲಿಸಿ ಪುಸ್ತಕ ಮನೆಗೆ ಹೋಯ್ತು, ಅವರ ಅಳಿಯ ಓದಿದ್ರು, ಫ್ರೀ ಲುಕ್‌ನಲ್ಲಿ ವಾಪಸ್ ಮಾಡಿದ್ರು. ಪಾಲಿಸಿ ಕೈಗೆ ಬಂದ 30 ದಿನದೊಳಗೆ ಬೇಡ ಅಂದ್ರೆ ಸಣ್ಣಪುಟ್ಟ ಖರ್ಚು ಕಳೆದು ದುಡ್ಡು ವಾಪಸ್ ಕೊಡಲೇಬೇಕು, ಈ ನಿಯಮ ಇರೋದ್ರಿಂದ ಆ ತಾಯಿ ಬಚಾವಾದ್ರು. ಅವರಿಗೆ ಆಗಿದ್ದ ಅನ್ಯಾಯಕ್ಕೆ ಟಾರ್ಗೆಟ್ ಕಾರಣ ಅಂತ ಹೇಳಿ ಹುಡುಗನ ಪಾಲನ್ನ ನಾನು ಅಳಿಸೋದಿಲ್ಲ, ಅವನೂ ಅಳಿಸಿಲ್ಲ, ಆಮೇಲೆ ಅವರ ಮನೆಗೆ ಹೋಗಿ ಕ್ಷಮೆ ಕೇಳಿ ಬಂದ. ಬ್ಯಾಂಕಲ್ಲಿ ಪಾಲಿಸಿ ಮಾರೋಕೆ ಪರೀಕ್ಷೆ ಪಾಸಾಗಿ ಸರ್ಟಿಫಿಕೇಟ್ ಇರೋರೇ ಆಗ್ಬೇಕು, ಫಾರಂ ಮೇಲೆ ಅವರದೇ ಕೋಡ್ ಇರುತ್ತೆ, ಕಂಪ್ಲೇಂಟ್ ಆದ್ರೆ ಹೆಸರು ಬರೋದು ಕಾನ್‌ಕಾಲಲ್ಲಿ ಒತ್ತಿದವರದ್ದಲ್ಲ, ಅವನದ್ದೇ.

ಕ್ಯಾನ್ಸಲ್ ಆದ 3 ಲಕ್ಷವನ್ನ ಸೆಪ್ಟೆಂಬರ್ ಲೆಕ್ಕದಿಂದ ಕಳೆದ್ರು. ಆ ತಿಂಗಳು ಅವನು ಮಾಡಿದ್ದ 1.4 ಲಕ್ಷ ಹೋಗಿ ಮೈನಸ್ 1.6 ಆಯ್ತು. ಸಂಜೆ ಶೀಟಲ್ಲಿ ಅವನ ಹೆಸರಿನ ಮುಂದೆ ಮೈನಸ್ ಗುರುತು ಬಿತ್ತು. ಅವತ್ತೇ ರಾತ್ರಿ ಅವನು ಹೆಂಡತಿ ಹತ್ರ ಹೇಳಿದ್ದಾನೆ, ಹೈವೇಲಿ ಬರುವಾಗ ಲಾರಿ ನೋಡಿದ್ರೆ ಕಣ್ಣು ಮುಚ್ಕೊಂಬಿಡೋಣ ಅನ್ಸುತ್ತೆ ಅಂತ. ಅವಳು ನನಗೆ ಫೋನ್ ಮಾಡಿದ್ಲು. ಇಂಥ ಮಾತು ಕೇಳಿದ ಮೇಲೆ ಬೇರೆ ಲೆಕ್ಕ ಎಲ್ಲಾ ಆಮೇಲೆ. ರಾತ್ರಿಯೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಅವನ ಕೈಲೇ ಮಾಡಿಸಿದ್ವಿ, ಅದು ಉಚಿತ, ಯಾವ ಹೊತ್ತಲ್ಲಾದ್ರೂ ಮಾಡಬಹುದು, ಕನ್ನಡದಲ್ಲೂ ಮಾತಾಡ್ತಾರೆ. ಬೆಳಿಗ್ಗೆ ಜಿಲ್ಲಾಸ್ಪತ್ರೆ ಮನೋವೈದ್ಯರ ಹತ್ರ ಕರ್ಕೊಂಡು ಹೋದ್ವಿ, ಔಷಧಿ ಶುರುವಾಯ್ತು, ಮೆಡಿಕಲ್ ಸರ್ಟಿಫಿಕೇಟ್ ಇಟ್ಟು ಹತ್ತು ದಿನ ರಜೆ ಹಾಕಿಸಿದ್ವಿ. ಅಪ್ಪನಿಗೂ ಆವಾಗಲೇ ಹೇಳಿದ್ದು. ಅವರು ಕೇಳಿದ್ದು ಒಂದೇ, ಇಷ್ಟು ದಿನ ನಾನು ಎಚ್ಚರ ಇರ್ತೀನಿ ಅಂತ ಮನೆಗೆ ಬರ್ತಿರ್ಲಿಲ್ವಾ ನೀನು ಅಂತ.

ರಜೆಯಲ್ಲಿ ಕೂತು ಬ್ರಾಂಚ್ ಮ್ಯಾನೇಜರ್ ಮೇಡಂಗೆ ಒಂದು ಮೇಲ್ ತಯಾರು ಮಾಡಿದ್ವಿ. ಬೈಗುಳ ಇಲ್ಲ, ಬೇಡಿಕೊಳ್ಳೋದೂ ಇಲ್ಲ. ತಿಂಗಳ ಕಾಲ್ ಇಷ್ಟು, ಭೇಟಿ ಇಷ್ಟು, ಪಾಲಿಸಿ ಇಷ್ಟು, ನನ್ನ ಕೈಲಿ ತಿಂಗಳಿಗೆ 1.2ರಿಂದ 1.5 ಲಕ್ಷ ಖಚಿತವಾಗಿ ಆಗುತ್ತೆ, ಇದಕ್ಕಿಂತ ಜಾಸ್ತಿ ಆಗಬೇಕಾದ್ರೆ ಯಾವ ಕೆಲಸ ಕಮ್ಮಿ ಮಾಡ್ಬೇಕು ಅಂತ ತಿಳಿಸಿ, ಹಳೇ ಬಾಕಿಯನ್ನ ಬೇರೆ ಕಾಲಮ್ಮಲ್ಲಿ ತೋರಿಸಿ ಅಂತ. ಇನ್ನೊಂದು ತೀರ್ಮಾನ ಆ ಮೇಲ್ ಒಳಗೆ ಬರೀಲಿಲ್ಲ, ಅವನಿಗೆ ಅಭ್ಯಾಸ ಮಾಡಿಸಿದ್ದು. ಬೆಳಿಗ್ಗೆ ಹಡಲಲ್ಲಿ ದುಡ್ಡಿನ ನಂಬರ್ ಹೇಳೋದಿಲ್ಲ, ಇವತ್ತು ಇಂಥ ಇಬ್ಬರನ್ನ ಭೇಟಿ ಮಾಡ್ತೀನಿ, ಇಷ್ಟು ಕಾಲ್ ಮಾಡ್ತೀನಿ ಅಂತ ಮಾತ್ರ ಹೇಳೋದು. ಭೇಟಿ ಮಾಡೋದು ಅವನ ಕೈಲಿದೆ, ಸಂಜೆ ಹೋಗಿ ಬಂದೆ ಸರ್ ಅನ್ನಬಹುದು. ಮೊದಲ ವಾರ ಕಾನ್‌ಕಾಲಲ್ಲಿ ಜೋರಾಗೇ ಆಯ್ತು, ಐದು ಸಲ ನಂಬರ್ ಕೇಳಿದ್ರಂತೆ, ಅವನು ಐದು ಸಲವೂ ಹೆಸರುಗಳನ್ನೇ ಹೇಳಿದ. ಆಮೇಲೆ ಅವರು ಅವನನ್ನ ಬಿಟ್ಟು ಮುಂದಿನವರಿಗೆ ಹೋಗೋಕೆ ಶುರು ಮಾಡಿದ್ರು. ಅವನಿಗೆ ನಿದ್ದೆ ಬರೋಕೆ ಶುರುವಾಗಿದ್ದು ಆ ದಿನಗಳಲ್ಲೇ. ಮಾತ್ರೆಯ ಪಾಲೂ ಇರುತ್ತೆ, ನಾನು ಅದನ್ನ ಬೇರೆ ಮಾಡಿ ಹೇಳಲಾರೆ.

ಮೇಡಂ ಕೆಟ್ಟವರಲ್ಲ. ಕರೆದು ಕೂರಿಸಿಕೊಂಡು, ಲೆಕ್ಕ ಸರಿಯಾಗೇ ಇದೆ ಕಣೋ, ಆದ್ರೆ ನನ್ನ ಶೀಟಲ್ಲೂ ಇದೇ ಕಥೆ, ನಿನ್ನ ಟಾರ್ಗೆಟ್ ಇಳಿಸೋ ಪವರ್ ನನಗಿಲ್ಲ ಅಂದ್ರು. ಬ್ರಾಂಚ್ ಮಟ್ಟದಲ್ಲಿ ಬಾಕಿಯನ್ನ ಬೇರೆ ಕಾಲಮ್ ಮಾಡಿದ್ರು, ಕ್ಲಸ್ಟರ್ ಶೀಟಲ್ಲಿ ಏನೂ ಬದಲಾಗ್ಲಿಲ್ಲ. ಅಕ್ಟೋಬರ್ ಕೊನೆಗೆ ಪಿಐಪಿ ಲೆಟರ್ ಬಂತು, 60 ದಿನದಲ್ಲಿ ಸುಧಾರಿಸ್ಬೇಕು ಅಂತ. ಜೊತೆಗೆ ಫೋನಲ್ಲಿ, ಪೇಪರ್ ಹಾಕ್ಬಿಡು, ನಿನಗೇ ಒಳ್ಳೇದು ಅಂತ. ಇಲ್ಲಿ ತುಂಬಾ ಜನ ನಾಚಿಕೆಗೇ ಅವತ್ತೇ ರಾಜೀನಾಮೆ ಕಳಿಸ್ತಾರೆ, ನೋಟಿಸ್ ಪೀರಿಯಡ್ ಸಂಬಳ ಹೋಗುತ್ತೆ, ರಿಲೀವಿಂಗ್ ಲೆಟರ್ ಸಿಕ್ಕಾಕೊಳ್ಳುತ್ತೆ. ಅವನು ಫೋನಲ್ಲಿ ಏನೂ ಒಪ್ಪಿಕೊಳ್ಳಲಿಲ್ಲ, ಪಿಐಪಿಗೆ ಅದೇ ಲೆಕ್ಕ ಲಗತ್ತಿಸಿ ಬರವಣಿಗೆಯಲ್ಲಿ ಉತ್ತರ ಕೊಟ್ಟ, ಬೇರೆ ಕಡೆ ಕೆಲಸ ಹುಡುಕಿದ. ಡಿಸೆಂಬರಲ್ಲಿ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಸಾಲ ವಿಭಾಗಕ್ಕೆ ಸೇರಿದ, ಸಂಬಳ 22 ಸಾವಿರ. ಐದು ಸಾವಿರ ಕಮ್ಮಿ ಅನ್ನೋದು ಸಣ್ಣ ಮಾತಲ್ಲ, ಕಾರ್ಡಿನ ಇಎಂಐ ಇನ್ನೂ ನಡೀತಿದೆ.

ಅವನ ಸೀಟಿಗೆ ಹೊಸಬಳೊಬ್ಬಳು ಬಂದಳು. ಹಳೇ ಬಾಕಿ ಅವಳ ಮೇಲೆ ಹಾಕ್ಲಿಲ್ಲ, ಅದು ಶೀಟಿಂದಲೇ ಹೋಯ್ತು. ಆ ಬಾಕಿ ಯಾರಿಗೂ ಕೊಡಬೇಕಾದ ದುಡ್ಡಾಗಿರ್ಲಿಲ್ಲ, ಬ್ಯಾಂಕಿಗೆ ನಷ್ಟವೂ ಆಗಿರ್ಲಿಲ್ಲ, ಒಬ್ಬ ಮನುಷ್ಯನ ಹೆಸರಿನ ಮುಂದೆ ಇದ್ದಾಗ ಮಾತ್ರ ಅದಕ್ಕೆ ತೂಕ ಇತ್ತು. ಇದನ್ನ ಕೇಳಿದಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಲ್ಲಿ ಒಂದು ಮನೆಗೆ ಎಂಟು ಪ್ರಾಡಕ್ಟ್ ಮಾರ್ಬೇಕು ಅನ್ನೋ ಗುರಿ ಇಟ್ಟು ಸಿಬ್ಬಂದಿಯನ್ನ ದಿನಾ ಹಿಂಡಿದ್ರು, ಕೊನೆಗೆ ಸಿಬ್ಬಂದಿ ಗ್ರಾಹಕರಿಗೆ ಗೊತ್ತಿಲ್ಲದ ಹಾಗೆ ಲಕ್ಷಗಟ್ಟಲೆ ಅಕೌಂಟ್ ತೆಗೆದ್ರು. 2016ರಲ್ಲಿ 18.5 ಕೋಟಿ ಡಾಲರ್ ದಂಡ ಬಿತ್ತು. ಅಷ್ಟರೊಳಗೆ ಕೆಲವು ವರ್ಷಗಳಲ್ಲಿ ಸುಮಾರು 5,300 ಜನರನ್ನ ಕೆಲಸದಿಂದ ತೆಗೆದಿದ್ರು, ಹೆಚ್ಚಿನವರು ಕೆಳಗಿನ ಹಂತದವರು. ನಮ್ಮ ಹುಡುಗನ ಆಗಸ್ಟ್ ತಿಂಗಳು ಅದೇ ದಾರಿಯ ಮೊದಲ ಹೆಜ್ಜೆ ಅಂತ ಅನ್ಸುತ್ತೆ.

ಈಗ ಉಳಿದಿರೋದು ಅವನ ಮನೆಯ ಎರಡು ಪಾಲಿಸಿ. ಎರಡಕ್ಕೂ ಫ್ರೀ ಲುಕ್ ಅವಧಿ ದಾಟಿಹೋಗಿತ್ತು. ಮೊದಲೆಲ್ಲಾ ಒಂದೇ ಕಂತು ಕಟ್ಟಿ ಬಿಟ್ರೆ ಪೂರ್ತಿ ದುಡ್ಡು ಮುಳುಗೋದು, 2024ರ ಅಕ್ಟೋಬರ್ 1ರಿಂದ ಬಂದ ನಿಯಮದಲ್ಲಿ ಒಂದು ವರ್ಷದ ಪ್ರೀಮಿಯಂ ಪೂರ್ತಿ ಕಟ್ಟಿ ಮೊದಲ ಪಾಲಿಸಿ ವರ್ಷ ಮುಗಿದಿದ್ರೆ ವಿಶೇಷ ಸರೆಂಡರ್ ಮೌಲ್ಯ ಅಂತ ಒಂದಿಷ್ಟು ವಾಪಸ್ ಬರುತ್ತೆ. ಹಾಗಾಗಿ ಹೆಂಡತಿಯ ಪಾಲಿಸಿಗೆ ಜೂನಲ್ಲಿ, ಅವನದ್ದಕ್ಕೆ ಜುಲೈಯಲ್ಲಿ, ಎರಡನೇ ಕಂತು ಕಟ್ಟೋ ಮೊದಲು ವಿಮಾ ಕಂಪನಿಯಿಂದ ಸರೆಂಡರ್ ಮೌಲ್ಯ ಎಷ್ಟು, ಮುಂದೆ ಕಂತು ಕಟ್ಟದೆ ಪಾಲಿಸಿಯನ್ನ ಕಮ್ಮಿ ಮೊತ್ತಕ್ಕೆ ಉಳಿಸ್ಕೊಳ್ಳೋ ಪೇಡ್‌ಅಪ್ ಮಾಡಿದ್ರೆ ಎಷ್ಟು ಅಂತ ಲಿಖಿತವಾಗಿ ತರಿಸ್ಕೊಳ್ಳೋದು ಅಂತ ತೀರ್ಮಾನ ಆಗಿದೆ. ಎರಡರ ಅರ್ಜಿಯನ್ನೂ ಅವನ ಹೆಂಡತಿಯೇ ಬರೆದು ಇಟ್ಟಿದ್ದಾಳೆ.